ಆಡುವಾಗ ಕೇಳದ ವಿಳಾಸ, ಗೆದ್ದ ಮೇಲೆ ಕೇಳುವ ವಿಳಾಸ: ವಿಪಿಎನ್ ಮೂಲಕ ಜೂಜು ಮತ್ತು ಮುಟ್ಟುಗೋಲಾಗುವ ಗೆಲುವು

ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ತಮ್ಮ ಅಕ್ಕನ ಮಗನನ್ನು ಕರೆದುಕೊಂಡು ದಾವಣಗೆರೆಯ ನನ್ನ ಕಚೇರಿಗೆ ಬಂದಿದ್ದರು. ಹುಡುಗ ಊರಿನಲ್ಲಿ ಮೊಬೈಲ್ ಬಿಡಿಭಾಗಗಳ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಫೋನಿನಲ್ಲಿ ವಿದೇಶಿ ಕ್ಯಾಸಿನೊ ತಾಣವೊಂದರ ಎರಡು ಸ್ಕ್ರೀನ್‌ಶಾಟ್‌ಗಳಿದ್ದವು. ಮೊದಲನೆಯದರಲ್ಲಿ ಖಾತೆಯ ಬಾಕಿ 6,150 ಡಾಲರ್ ಎಂದಿತ್ತು. ಎರಡನೆಯದು ಒಂಬತ್ತು ದಿನಗಳ ನಂತರ ಬಂದ ಮೂರು ಸಾಲಿನ ಇಮೇಲ್: ನೀವು ನಿರ್ಬಂಧಿತ ಪ್ರದೇಶದಿಂದ ಆಡಿದ್ದೀರಿ, ನಿಮ್ಮ ಗೆಲುವುಗಳನ್ನು ರದ್ದುಪಡಿಸಲಾಗಿದೆ, ಹಿಂಪಡೆಯದೆ ಉಳಿದ ಠೇವಣಿಯನ್ನು ಮರಳಿಸಿ ಖಾತೆಯನ್ನು ಮುಚ್ಚಲಾಗಿದೆ.

"ಸಾರ್, ನಾನು ಮೋಸ ಮಾಡಿ ಗೆದ್ದಿಲ್ಲ. ನಾನು ದುಡ್ಡು ಹಾಕಿದಾಗೆಲ್ಲ ತಗೊಂಡ್ರು, ಸೋತಾಗೆಲ್ಲ ಇಟ್ಕೊಂಡ್ರು. ಗೆದ್ದಾಗ ಮಾತ್ರ ನೀನು ಎಲ್ಲಿಯವನು ಅಂತ ಕೇಳ್ತಾರೆ. ಕೇಸ್ ಹಾಕಿದ್ರೆ ಬರುತ್ತಾ?" ಎಂದು ಹುಡುಗ ಕೇಳಿದ. ಅವನ ಸಿಟ್ಟಿನಲ್ಲಿ ಅರ್ಧದಷ್ಟು ನ್ಯಾಯವಿದೆ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಆದರೆ ಅವನ ಪ್ರಶ್ನೆಗೆ ಉತ್ತರ ಬರುವುದಿಲ್ಲ ಎಂಬುದೇ ಆಗಿತ್ತು. ಅದು ಯಾಕೆ ಹಾಗೆ ಎಂಬುದನ್ನು ಅವನ ಪ್ರಕರಣದ ಮೂಲಕವೇ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ನಡೆದದ್ದು ಇಷ್ಟು. ತಾಣವು ಅವನ ಫೋನಿನಲ್ಲಿ ನೇರವಾಗಿ ತೆರೆಯುತ್ತಿರಲಿಲ್ಲ. ಗೆಳೆಯನೊಬ್ಬ ಹೇಳಿಕೊಟ್ಟಂತೆ ಉಚಿತ ವಿಪಿಎನ್ ಆ್ಯಪ್ ಒಂದನ್ನು ಹಾಕಿಕೊಂಡು, ಅದರಲ್ಲಿ ಕೆನಡಾ ಎಂದು ಆರಿಸಿಕೊಂಡಾಗ ತಾಣ ತೆರೆಯಿತು. ನೋಂದಣಿಯ ಪುಟದಲ್ಲಿ ದೇಶದ ಹೆಸರಿನ ಜಾಗದಲ್ಲಿ ಕೆನಡಾ ಎಂದು ತಾನಾಗಿಯೇ ತುಂಬಿಕೊಂಡಿತ್ತು, ಅವನು ಅದನ್ನು ಬದಲಿಸಲಿಲ್ಲ. ಕೆಳಗೆ, ಹದಿನೆಂಟು ತುಂಬಿದೆ, ಷರತ್ತುಗಳನ್ನು ಓದಿ ಒಪ್ಪಿದ್ದೇನೆ, ನಿರ್ಬಂಧಿತ ಪ್ರದೇಶದಲ್ಲಿ ವಾಸವಾಗಿಲ್ಲ ಎಂಬ ಮೂರು ಮಾತುಗಳಿಗೆ ಸೇರಿ ಒಂದೇ ಚೌಕವಿತ್ತು, ಅದಕ್ಕೆ ಗುರುತು ಹಾಕಿದ. ಬ್ಯಾಂಕ್ ಕಾರ್ಡಿನಿಂದ ಹಣ ಹೋಗಲಿಲ್ಲ. ಜೂಜಿನ ವ್ಯಾಪಾರಿಗಳಿಗೆ ಕಾರ್ಡ್ ಜಾಲಗಳು 7995 ಎಂಬ ಪ್ರತ್ಯೇಕ ಸಂಕೇತ ಕೊಟ್ಟಿರುವುದರಿಂದ ಬ್ಯಾಂಕು ಆ ಪಾವತಿಯನ್ನು ಗುರುತಿಸಿ ತಡೆಯಬಲ್ಲದು. ಹಾಗಾಗಿ ಅವನು ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ ನಾಣ್ಯವನ್ನು ಅಪರಿಚಿತನೊಬ್ಬನಿಂದ ಕೊಂಡು, ಐದು ಕಂತುಗಳಲ್ಲಿ ಒಟ್ಟು 400 ಡಾಲರ್ ಹಾಕಿದ. ಡಾಲರ್‌ಗೆ 88 ರೂಪಾಯಿಯಂತೆ ಅದು 35,200 ರೂಪಾಯಿ. ನಡುವೆ ಒಮ್ಮೆ ಪರೀಕ್ಷೆಗೆಂದು 200 ಡಾಲರ್ ಹಿಂಪಡೆದ. ಅದು ಅರ್ಧ ಗಂಟೆಯಲ್ಲಿ ಬಂತು. ಅಲ್ಲಿಂದ ಅವನಿಗೆ ಪೂರ್ಣ ನಂಬಿಕೆ ಹುಟ್ಟಿತು.

ಈ 200 ಡಾಲರ್ ಬಂದದ್ದೇ ಇಡೀ ಕಥೆಯಲ್ಲಿ ಅತ್ಯಂತ ದಾರಿ ತಪ್ಪಿಸುವ ಘಟನೆ. ಸಣ್ಣ ಮೊತ್ತ ಸಲೀಸಾಗಿ ಬಂದರೆ ದೊಡ್ಡದೂ ಹಾಗೆಯೇ ಬರುತ್ತದೆ ಎಂದು ನಾವು ತಿಳಿಯುತ್ತೇವೆ. ನಮ್ಮ ಕಡೆಯ ಓಸಿ ವ್ಯವಹಾರದ ಅನುಭವವೂ ಅದನ್ನೇ ಹೇಳುತ್ತದೆ. ಚೀಟಿ ಬರೆಯುವವನು ಇಂದು ಸರಿಯಾಗಿ ಕೊಟ್ಟರೆ ನಾಳೆಯೂ ಕೊಡುತ್ತಾನೆ, ಏಕೆಂದರೆ ಅವನ ಬಂಡವಾಳವೇ ಮಾತು. ಆದರೆ ಪರವಾನಗಿ ಪಡೆದ ಕ್ಯಾಸಿನೊ ಹಣ ಕೊಡುವುದು ಬೇರೆ ಲೆಕ್ಕದ ಮೇಲೆ. ಅಕ್ರಮ ಹಣದ ವಹಿವಾಟನ್ನು ತಡೆಯಲು ಅಂತರರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಎಫ್‌ಎಟಿಎಫ್, ಕ್ಯಾಸಿನೊಗಳು 3,000 ಡಾಲರ್ ಅಥವಾ ಯೂರೊ ಮುಟ್ಟಿದ ವ್ಯವಹಾರದಲ್ಲಿ ಗ್ರಾಹಕನ ಗುರುತನ್ನು ಪರಿಶೀಲಿಸಬೇಕು ಎನ್ನುತ್ತದೆ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಈ ಮಿತಿ 2,000 ಯೂರೊ. ಇದಕ್ಕಿಂತ ಬಿಗಿಯಾದ ಮಿತಿಯನ್ನು ಸ್ವಂತಕ್ಕೆ ಹಾಕಿಕೊಂಡ ಕಂಪನಿಗಳೂ ಇವೆ. 200 ಡಾಲರ್ ಈ ಗೆರೆಯ ಕೆಳಗಿತ್ತು, ಆದ್ದರಿಂದ ಯಾರೂ ಏನನ್ನೂ ನೋಡಲಿಲ್ಲ. 6,150 ಡಾಲರ್ ಗೆರೆಯನ್ನು ದಾಟಿತು, ಮನುಷ್ಯನೊಬ್ಬ ಕುಳಿತು ಕಡತ ತೆರೆದ. ಮೊದಲ ಪಾವತಿಯಿಂದ ಅವನ ಖಾತೆ ಸರಿಯಾಗಿದೆ ಎಂದು ಸಾಬೀತಾಗಿರಲಿಲ್ಲ. ಅದನ್ನು ಇನ್ನೂ ಪರಿಶೀಲಿಸಿಲ್ಲ ಎಂಬುದಷ್ಟೇ ಅದರ ಅರ್ಥವಾಗಿತ್ತು.

ಕಡತ ತೆರೆದವನು ಕೇಳಿದ್ದು ಎರಡು ಕಾಗದ: ಭಾವಚಿತ್ರವಿರುವ ಗುರುತಿನ ಚೀಟಿ, ಮತ್ತು ಮೂರು ತಿಂಗಳೊಳಗಿನ ವಿಳಾಸದ ಪುರಾವೆ. ಹುಡುಗ ತನ್ನ ಚಾಲನಾ ಪರವಾನಗಿಯನ್ನೂ ಅಂಗಡಿಯ ಬೆಸ್ಕಾಂ ಬಿಲ್ಲನ್ನೂ ಕಳುಹಿಸಿದ. ಕೆನಡಾದವನೆಂದು ನೋಂದಾಯಿಸಿಕೊಂಡವನ ವಿದ್ಯುತ್ ಬಿಲ್ಲು ದಾವಣಗೆರೆ ಜಿಲ್ಲೆಯದು. ವಿಚಾರಣೆ ಮುಗಿಯಲು ಇನ್ನೇನೂ ಬೇಕಿರಲಿಲ್ಲ.

ವಿಪಿಎನ್ ತನ್ನನ್ನು ಮರೆಮಾಡಿತ್ತಲ್ಲ ಎಂದು ಅವನು ಪದೇ ಪದೇ ಕೇಳಿದ. ವಿಪಿಎನ್ ಮಾಡುವ ಕೆಲಸ ಒಂದೇ: ಫೋನಿನಿಂದ ಹೊರಟ ಮಾಹಿತಿಯನ್ನು ಬೇರೊಂದು ಊರಿನ ಸರ್ವರ್‌ಗೆ ಗೂಢಲಿಪಿಯಲ್ಲಿ ಒಯ್ದು, ಅಲ್ಲಿಂದ ಹೊರಬಿಡುವುದು. ಕ್ಯಾಸಿನೊಗೆ ಕಾಣುವುದು ಆ ಸರ್ವರ್‌ನ ಐಪಿ ವಿಳಾಸ. ಆದರೆ ಆ ವಿಳಾಸವೇ ಒಂದು ಸುಳಿವು. ಮನೆಗಳಿಗೆ ಸಂಪರ್ಕ ಕೊಡುವ ಕಂಪನಿಗಳ ವಿಳಾಸಗಳು ಬೇರೆ, ಸರ್ವರ್‌ಗಳನ್ನು ಬಾಡಿಗೆಗೆ ಕೊಡುವ ಡೇಟಾ ಸೆಂಟರ್‌ಗಳ ವಿಳಾಸಗಳು ಬೇರೆ, ಮತ್ತು ಯಾವುದು ಯಾರದೆಂಬ ಪಟ್ಟಿಗಳನ್ನು ಮಾರುವ ಕಂಪನಿಗಳೇ ಇವೆ. ಉಚಿತ ವಿಪಿಎನ್‌ನ ಒಂದೇ ವಿಳಾಸದಿಂದ ಸಾವಿರಾರು ಜನ ಹೊರಬರುವುದರಿಂದ ಅದು ಇನ್ನೂ ಬೇಗ ಗುರುತಾಗುತ್ತದೆ. ಇದರ ಜೊತೆಗೆ ವಿಪಿಎನ್ ಮುಟ್ಟದ ಸಂಗತಿಗಳು ಹಲವು: ಫೋನಿನ ಗಡಿಯಾರ `Asia/Kolkata` ಎಂದು ಹೇಳುತ್ತಿರುತ್ತದೆ, ಬ್ರೌಸರ್‌ನ ಭಾಷೆ ಕನ್ನಡ ಎಂದಿರುತ್ತದೆ, ಸ್ಥಳದ ಅನುಮತಿ ಪಡೆದ ಆ್ಯಪ್‌ಗೆ ಜಿಪಿಎಸ್ ನೇರವಾಗಿ ಊರನ್ನೇ ತೋರಿಸುತ್ತದೆ. ವಿದ್ಯುತ್ ಹೋಗಿ ವೈಫೈ ಕಡಿದು ಮೊಬೈಲ್ ಡೇಟಾಕ್ಕೆ ಬದಲಾಗುವ ಆ ಕೆಲವು ಕ್ಷಣಗಳಲ್ಲಿ ವಿಪಿಎನ್ ಕಳಚಿದರೆ, ಹತ್ತು ಗಂಟೆಗೆ ಕೆನಡಾದಲ್ಲಿದ್ದ ಖಾತೆ ಹತ್ತು ಗಂಟೆ ಎರಡು ನಿಮಿಷಕ್ಕೆ ಕರ್ನಾಟಕದಲ್ಲಿರುತ್ತದೆ. ಇವೆಲ್ಲವೂ ದಾಖಲಾಗುತ್ತವೆ.

ದಾಖಲಾಗುತ್ತವೆ ಎಂಬುದು ಮುಖ್ಯ. ಆಗಿಂದಾಗಲೇ ಖಾತೆಯನ್ನು ತಡೆಯಲೇಬೇಕೆಂಬ ಒತ್ತಡ ಎಲ್ಲ ತಾಣಗಳಿಗೂ ಇರುವುದಿಲ್ಲ. ಗೆಲುವು ಹಿಂಪಡೆಯುವ ದಿನ ಬಂದಾಗ ಆ ದಾಖಲೆಗಳು ಹೊರಬರುತ್ತವೆ. ನಮ್ಮ ಹುಡುಗ ತನ್ನ 400 ಡಾಲರ್ ಅನ್ನು ಪೂರ್ತಿ ಸೋತಿದ್ದರೆ ಯಾರೂ ಅವನ ಬೆಸ್ಕಾಂ ಬಿಲ್ಲು ಕೇಳುತ್ತಿರಲಿಲ್ಲ, ನೀನು ನಿರ್ಬಂಧಿತ ಪ್ರದೇಶದವನು, ತಗೋ ನಿನ್ನ ಹಣ ಎಂದು ವಾಪಸ್ಸೂ ಮಾಡುತ್ತಿರಲಿಲ್ಲ. ಆಟಗಾರ ಸೋತರೆ ಆಟ ಊರ್ಜಿತ, ಗೆದ್ದರೆ ಅನೂರ್ಜಿತ ಎಂಬ ಈ ಏರ್ಪಾಡು ಅನ್ಯಾಯದ್ದು ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ಬ್ರಿಟನ್ನಿನ ಜೂಜು ನಿಯಂತ್ರಣ ಆಯೋಗಕ್ಕೂ ಇದು ಅನ್ಯಾಯವಾಗಿ ಕಂಡಿದೆ. ಅಲ್ಲಿ 2019ರ ಮೇ 7ರಿಂದ, ಗ್ರಾಹಕನ ಹೆಸರು, ವಿಳಾಸ, ಹುಟ್ಟಿದ ದಿನಾಂಕಗಳನ್ನು ಅವನು ಮೊದಲ ಬಾಜಿ ಕಟ್ಟುವ ಮುಂಚೆಯೇ ಪರಿಶೀಲಿಸಬೇಕು. ಮೊದಲೇ ಕೇಳಬಹುದಾಗಿದ್ದ ದಾಖಲೆಯನ್ನು ಹಣ ಹಿಂಪಡೆಯುವಾಗ ಷರತ್ತಾಗಿ ಮುಂದಿಡುವಂತಿಲ್ಲ. ಈ ನಿಯಮ ಇಲ್ಲಿ ಅನ್ವಯವಾಗಿದ್ದರೆ ಹುಡುಗನ ಖಾತೆ ಮೊದಲ ದಿನವೇ ತಿರಸ್ಕೃತವಾಗುತ್ತಿತ್ತು, ಅವನ 35,200 ರೂಪಾಯಿ ಅವನ ಬಳಿಯೇ ಉಳಿಯುತ್ತಿತ್ತು. ಆದರೆ ಅವನು ಆಡಿದ ತಾಣದ ಪರವಾನಗಿ ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪದ್ದು.

ಹಾಗಾದರೆ ಕಂಪನಿ ಕೊಡಲು ಮನಸ್ಸು ಮಾಡಿದ್ದರೆ ಕೊಡಬಹುದಿತ್ತೇ? ಇಲ್ಲಿ ಅವರ ಕಡೆಯ ಮಾತೂ ಇದೆ, ಅದನ್ನು ಬಿಟ್ಟು ಹೇಳಿದರೆ ಚಿತ್ರ ಅಪೂರ್ಣವಾಗುತ್ತದೆ. ಒಂದು ದೇಶವನ್ನು ನಿರ್ಬಂಧಿತ ಪಟ್ಟಿಗೆ ಸೇರಿಸುವುದು ಕಂಪನಿಯೊಂದೇ ಅಲ್ಲ. ಪರವಾನಗಿ ಕೊಟ್ಟ ಪ್ರಾಧಿಕಾರ ಕೆಲವು ದೇಶಗಳನ್ನು ಹೊರಗಿಡುತ್ತದೆ, ಪಾವತಿ ನಡೆಸುವ ಸಂಸ್ಥೆ ಕೆಲವನ್ನು, ಆಟಗಳನ್ನು ತಯಾರಿಸಿ ಬಾಡಿಗೆಗೆ ಕೊಡುವ ಸಂಸ್ಥೆಗಳು ಮತ್ತೆ ಕೆಲವನ್ನು. ಕೊನೆಯದು ಹೆಚ್ಚಿನವರಿಗೆ ಗೊತ್ತಿಲ್ಲ: ತಾಣಕ್ಕೆ ಪ್ರವೇಶವಿದ್ದರೂ ಅದರೊಳಗಿನ ಒಂದು ನಿರ್ದಿಷ್ಟ ಆಟ ಅಥವಾ ಒಂದು ಜಾಕ್‌ಪಾಟ್ ಮಾತ್ರ ನಿಮ್ಮ ದೇಶಕ್ಕೆ ಮುಚ್ಚಿರಬಹುದು, ಅದರ ಪಟ್ಟಿ ಷರತ್ತುಗಳ ಕೊನೆಯ ಪುಟದಲ್ಲಿರುತ್ತದೆ. ನಿರ್ಬಂಧಿತ ದೇಶದವನೆಂದು ದಾಖಲೆ ಕೈಗೆ ಬಂದ ಮೇಲೂ ಹಣ ಪಾವತಿಸಿದರೆ, ಆ ದೇಶದಲ್ಲಿ ಅನುಮತಿಯಿಲ್ಲದೆ ವ್ಯಾಪಾರ ಮಾಡಿದ್ದನ್ನು ಕಂಪನಿ ತಾನೇ ಬರಹದಲ್ಲಿ ಒಪ್ಪಿಕೊಂಡಂತೆ. ನಮ್ಮಲ್ಲಿ ಅದರ ಬೆಲೆ ಈಗ ಸಣ್ಣದಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸಿದೆ. ಅಂಥ ಆಟ ಒದಗಿಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ. ಹಣ ಸಾಗಿಸಲು ನೆರವಾದವರಿಗೂ ಅಷ್ಟೇ. ಕೇವಲ ಆಡಿದವನಿಗೆ ಈ ಕಾಯ್ದೆ ಶಿಕ್ಷೆ ಗೊತ್ತುಮಾಡಿಲ್ಲ. ಹುಡುಗನ ಮಾವನ ಮುಖದಲ್ಲಿ ಆವತ್ತು ಸ್ವಲ್ಪ ನೆಮ್ಮದಿ ಕಂಡದ್ದು ಈ ಮಾತು ಕೇಳಿದಾಗ ಮಾತ್ರ.

ಇನ್ನು ಒಪ್ಪಂದದ ಮಾತು. ತಾನು ಮೋಸ ಮಾಡಿ ಗೆದ್ದಿಲ್ಲ ಎಂದು ಹುಡುಗ ಹೇಳಿದ್ದು ಆಟದ ಮಟ್ಟಿಗೆ ನಿಜ. ಎಲೆ ಕದ್ದಿಲ್ಲ, ಯಂತ್ರ ತಿದ್ದಿಲ್ಲ. ಆದರೆ ಕಂಪನಿ ಬೊಟ್ಟು ಮಾಡಿದ್ದು ಆಟಕ್ಕೆ ಮುಂಚಿನ ಘಟ್ಟವನ್ನು. ಕೆನಡಾದಲ್ಲಿದ್ದೇನೆ ಎಂಬ ಹೇಳಿಕೆ ಸುಳ್ಳು, ಆ ಹೇಳಿಕೆಯಿಂದಾಗಿಯೇ ಖಾತೆ ತೆರೆಯಿತು, ಆದ್ದರಿಂದ ಆ ಖಾತೆಯಲ್ಲಿ ಕಟ್ಟಿದ ಬಾಜಿಗಳೆಲ್ಲ ಮೊದಲಿನಿಂದಲೇ ಅನೂರ್ಜಿತ ಎಂಬುದು ಅವರ ವಾದ. ಷರತ್ತುಗಳಲ್ಲಿ ವಿಪಿಎನ್ ಬಳಸಿ ಸ್ಥಳ ಮರೆಮಾಚುವುದನ್ನು ಪ್ರತ್ಯೇಕ ಉಲ್ಲಂಘನೆಯಾಗಿಯೂ ಬರೆದಿರುತ್ತಾರೆ. ಬಾಜಿ ಅನೂರ್ಜಿತವಾದರೆ ತಾರ್ಕಿಕವಾಗಿ ಠೇವಣಿ ಮರಳಬೇಕು, ಗೆಲುವು ಹೋಗಬೇಕು. ಅವರು ಮಾಡಿದ ಲೆಕ್ಕವೂ ಅದೇ: ಹಾಕಿದ್ದು 400, ಆಗಲೇ ಹಿಂಪಡೆದದ್ದು 200, ಕೊಡಬೇಕಾದ್ದು 200. ಉಳಿದ 5,950 ಡಾಲರ್, ಅಂದರೆ 5,23,600 ರೂಪಾಯಿ, ಪರದೆಯಿಂದ ಅಳಿಸಿಹೋಯಿತು. ಎಲ್ಲ ತಾಣಗಳೂ ಇಷ್ಟು ಮಾಡುವುದಿಲ್ಲ. ಠೇವಣಿಯನ್ನೂ ಸೇರಿಸಿ ಮುಟ್ಟುಗೋಲು ಹಾಕುತ್ತೇವೆ ಎಂದು ಷರತ್ತಿನಲ್ಲೇ ಬರೆದುಕೊಂಡವುಗಳಿವೆ, ಅಂಥ ಮಾತನ್ನು ಸಮರ್ಥಿಸಲು ನನಗೆ ಯಾವ ತರ್ಕವೂ ತೋಚುವುದಿಲ್ಲ.

ಬೇರೆ ದೇಶದ ವಿಳಾಸದ ಕಾಗದ ಕೊಟ್ಟಿದ್ದರೆ ದುಡ್ಡು ಬರುತ್ತಿತ್ತೇನೋ ಎಂದು ಹುಡುಗನ ಗೆಳೆಯ ಅವನ ತಲೆಯಲ್ಲಿ ತುಂಬಿದ್ದ. ಇದಕ್ಕೆ ಉತ್ತರವಾಗಿ ನಾನು ಅವರಿಗೆ ಅಮೆರಿಕದ ಪ್ರಕರಣವೊಂದನ್ನು ಹೇಳಿದೆ. ಗಾರ್ಡನ್ ವಾಯೊ ಎಂಬ ವೃತ್ತಿಪರ ಪೋಕರ್ ಆಟಗಾರ 2016ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯದಲ್ಲಿ ಎರಡನೆಯ ಸ್ಥಾನ ಪಡೆದವರು. 2017ರಲ್ಲಿ ಪೋಕರ್‌ಸ್ಟಾರ್ಸ್ ತಾಣದ ಆನ್‌ಲೈನ್ ಸರಣಿಯೊಂದರಲ್ಲಿ ಅವರು ಸುಮಾರು 6,92,000 ಡಾಲರ್ ಗೆದ್ದರು. ಆ ತಾಣದಲ್ಲಿ ಅಮೆರಿಕದೊಳಗಿನಿಂದ ಆ ಪಂದ್ಯ ಆಡುವಂತಿರಲಿಲ್ಲ. ಅವರು ಅಮೆರಿಕದಿಂದಲೇ ವಿಪಿಎನ್ ಮೂಲಕ ಆಡಿದ್ದಾರೆಂದು ಶಂಕಿಸಿ ಕಂಪನಿ ಹಣ ತಡೆಯಿತು. ತಾವು ಕೆನಡಾದಲ್ಲಿದ್ದೆವೆಂದು ವಾಯೊ 2018ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಸ್ಥಳದ ಪುರಾವೆಯಾಗಿ ಅವರು ಕೊಟ್ಟ ದಾಖಲೆಗಳು ತಿದ್ದಿದವು ಎಂದು ಕಂಪನಿ ಆರೋಪಿಸಿತು, ಅದೇ ವರ್ಷ ಅವರು ದಾವೆಯನ್ನು ಹಿಂದಕ್ಕೆ ಪಡೆದರು. ಆರೋಪ ಸಾಬೀತಾಗುವ ಘಟ್ಟಕ್ಕೆ ವಿಚಾರಣೆ ಹೋಗಲೇ ಇಲ್ಲ ಎಂಬುದನ್ನೂ ಹೇಳಬೇಕು. ಆದರೆ ಇದರಿಂದ ತಿಳಿಯುವುದು ಸ್ಪಷ್ಟವಿದೆ: ನಿರ್ದಿಷ್ಟ ದಿನ, ನಿರ್ದಿಷ್ಟ ಗಂಟೆಯಲ್ಲಿ ತಾನೆಲ್ಲಿದ್ದೆ ಎಂದು ತೋರಿಸುವ ಹೊಣೆ ಆಟಗಾರನ ಮೇಲೆ ಬೀಳುತ್ತದೆ. ಇನ್ನು ನಕಲಿ ಕಾಗದ ಕೊಟ್ಟರೆ, ಅಲ್ಲಿಯವರೆಗೆ ಷರತ್ತಿನ ಉಲ್ಲಂಘನೆಯಾಗಿದ್ದದ್ದು ದಾಖಲೆ ಸೃಷ್ಟಿಯ ಅಪರಾಧವಾಗುತ್ತದೆ, ಅದು ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಪರಾಧವೇ.

ಕೇಸ್ ಹಾಕುವ ವಿಚಾರಕ್ಕೆ ಬರೋಣ. 1872ರ ಭಾರತೀಯ ಒಪ್ಪಂದ ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದಗಳು ಶೂನ್ಯ, ಮತ್ತು ಬಾಜಿಯಲ್ಲಿ ಗೆದ್ದದ್ದೆಂದು ಹೇಳುವ ಯಾವುದನ್ನೂ ವಸೂಲು ಮಾಡಲು ದಾವೆ ಹೂಡುವಂತಿಲ್ಲ. ಕುದುರೆ ಪಂದ್ಯದ ಬಹುಮಾನಗಳಿಗೆ ಒಂದು ಸಣ್ಣ ವಿನಾಯಿತಿ ಬಿಟ್ಟರೆ ಈ ಬಾಗಿಲು ನೂರೈವತ್ತು ವರ್ಷಗಳಿಂದ ಮುಚ್ಚಿಯೇ ಇದೆ. ಓಸಿ ಗೆದ್ದವನು ದಾವಣಗೆರೆಯ ಸಿವಿಲ್ ನ್ಯಾಯಾಲಯಕ್ಕೆ ಯಾಕೆ ಬರುವುದಿಲ್ಲವೋ, ಕ್ಯುರಸಾವ್‌ನ ತಾಣದಲ್ಲಿ ಗೆದ್ದವನೂ ಅದೇ ಕಾರಣಕ್ಕೆ ಬರಲಾರ. ವಿಪಿಎನ್ ಬಳಸದೆ ಆಡಿದ್ದರೂ ಉತ್ತರ ಬದಲಾಗುತ್ತಿರಲಿಲ್ಲ. ಕಂಪನಿಯ ಷರತ್ತು ಎಷ್ಟು ಅನ್ಯಾಯದ್ದೆಂದು ತೂಗಿ ನೋಡುವ ಹಂತಕ್ಕೆ ನಮ್ಮ ನ್ಯಾಯಾಲಯ ಹೋಗುವುದೇ ಇಲ್ಲ, ಏಕೆಂದರೆ ಅದಕ್ಕೆ ಮುಂಚೆಯೇ ಒಪ್ಪಂದ ಶೂನ್ಯವಾಗಿರುತ್ತದೆ.

ಲಂಡನ್ನಿನಲ್ಲಿ ಕೆಲಸ ಮಾಡುವ ದಾವಣಗೆರೆಯ ಎಂಜಿನಿಯರ್ ಒಬ್ಬನಿಗೆ ಇದೇ ತೊಂದರೆ ಬಂದರೆ, ಅಂದರೆ ಕಚೇರಿಯ ವಿಪಿಎನ್ ಚಾಲನೆಯಲ್ಲಿದ್ದ ಕಾರಣಕ್ಕೇ ಅಲ್ಲಿನ ಪರವಾನಗಿಯ ತಾಣವೊಂದು ಅವನ ಗೆಲುವನ್ನು ತಡೆದರೆ, ಅವನ ಸ್ಥಿತಿ ಬೇರೆ. ಅವನು ಅನುಮತಿಯಿರುವ ದೇಶದಲ್ಲೇ ಇದ್ದ ಎಂದು ತೋರಿಸಬಲ್ಲ. ಬ್ರಿಟನ್ನಿನ 2005ರ ಜೂಜು ಕಾಯ್ದೆ, ಜೂಜಿನ ಒಪ್ಪಂದ ಎಂಬ ಒಂದೇ ಕಾರಣಕ್ಕೆ ಅದನ್ನು ಜಾರಿಗೊಳಿಸದಿರುವಂತಿಲ್ಲ ಎಂದಿದೆ. 2021ರಲ್ಲಿ ಆಂಡ್ರ್ಯೂ ಗ್ರೀನ್ ಎಂಬಾತನ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟ್, ಆಟದ ದೋಷದ ನೆಪದಲ್ಲಿ ಬೆಟ್‌ಫ್ರೆಡ್ ಕಂಪನಿ ತಡೆಹಿಡಿದಿದ್ದ ಸುಮಾರು 17 ಲಕ್ಷ ಪೌಂಡ್ ಕೊಡಬೇಕೆಂದು ತೀರ್ಪಿತ್ತಿತು; ಕಂಪನಿ ನೆಚ್ಚಿಕೊಂಡಿದ್ದ ಷರತ್ತುಗಳು ಅಸ್ಪಷ್ಟವಾಗಿದ್ದವು, ಗ್ರಾಹಕನ ಗಮನಕ್ಕೆ ಸರಿಯಾಗಿ ತಂದಿರಲಿಲ್ಲ ಎಂಬುದು ಕಾರಣಗಳಲ್ಲೊಂದು. ಅದು ವಿಪಿಎನ್‌ನ ಪ್ರಕರಣವಲ್ಲ, ಆದರೆ ಷರತ್ತನ್ನು ಪ್ರಶ್ನಿಸಬಹುದಾದ ಕಟ್ಟೆ ಅಲ್ಲಿ ಇದೆ. ನಮ್ಮ ಹುಡುಗ ಆ ಕಟ್ಟೆಯಿಂದ ತನ್ನನ್ನು ತಾನೇ ಹೊರಗಿಟ್ಟುಕೊಂಡಿದ್ದ: ಕೆನಡಾದವನೆಂದು ನಟಿಸಿದ್ದಕ್ಕೆ ಕೆನಡಾದ ಕಾನೂನಿನ ರಕ್ಷಣೆ ದೊರೆಯುವುದಿಲ್ಲ, ಭಾರತದವನೆಂದು ಒಪ್ಪಿಕೊಂಡರೆ ಭಾರತದ ಕಾನೂನು ಈ ಹಣವನ್ನು ಸಾಲವೆಂದೇ ಪರಿಗಣಿಸುವುದಿಲ್ಲ.

ಅವರು ಎದ್ದು ಹೊರಡುವಾಗ ಹುಡುಗ ಇನ್ನೊಂದು ಸಂದೇಶ ತೋರಿಸಿದ. ಟೆಲಿಗ್ರಾಂನಲ್ಲಿ ಯಾರೋ, ತಾನು ಅದೇ ತಾಣದ ಪಾವತಿ ವಿಭಾಗದವನೆಂದು ಹೇಳಿಕೊಂಡು, 300 ಡಾಲರ್ ತೆರಿಗೆ ಮುಂಗಡ ಕಟ್ಟಿದರೆ ತಡೆಹಿಡಿದ 5,950 ಡಾಲರ್ ಬಿಡಿಸಿಕೊಡುತ್ತೇನೆ ಎಂದು ಬರೆದಿದ್ದ. ಇಲ್ಲಿ ಎರಡು ಬಗೆಯ ನಷ್ಟವನ್ನು ಬೇರ್ಪಡಿಸಿ ನೋಡಲು ಒಂದು ಸುಲಭವಾದ ಗುರುತಿದೆ. ಷರತ್ತಿನಂತೆ ಗೆಲುವನ್ನು ರದ್ದು ಮಾಡಿದ ತಾಣ ಖಾತೆ ಮುಚ್ಚಿ ಸುಮ್ಮನಾಗುತ್ತದೆ, ಮತ್ತೆ ಹಣ ಕೇಳುವುದಿಲ್ಲ. ತೆರಿಗೆ ಹಿಡಿಯಬೇಕಿದ್ದರೂ ಕೊಡುವ ಮೊತ್ತದಲ್ಲೇ ಕಳೆಯುತ್ತದೆ. ಗೆಲುವು ಬಿಡಿಸಲು ಮೊದಲು ನೀನು ಕಟ್ಟು ಎನ್ನುವವನು ವಂಚಕ, ಮತ್ತು ಹಲವು ಬಾರಿ ಇಡೀ ತಾಣವೇ ಅವನ ಸೃಷ್ಟಿಯಾಗಿರುತ್ತದೆ, ಪರದೆಯ ಮೇಲಿನ ಗೆಲುವು ಬರಿ ಅಂಕಿಯಾಗಿರುತ್ತದೆ. ಈ ಎರಡನೆಯದಕ್ಕೆ ದೂರು ಕೊಡಲು ಜಾಗವಿದೆ. ಹಣ ಕಳುಹಿಸಿದ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದು ಹೋದ ಖಾತೆಯನ್ನು ತಡೆಹಿಡಿಯುವ ಅವಕಾಶ ಹೆಚ್ಚು, ದಿನಗಳು ಕಳೆದಂತೆ ಕಡಿಮೆ.

"ಇದಕ್ಕೆ ದುಡ್ಡು ಕಳ್ಸಿಲ್ಲ ತಾನೇ?" ಎಂದು ಕೇಳಿದೆ. ಹುಡುಗ ಮಾವನ ಮುಖ ನೋಡಿದ. "ಇನ್ನೂ ಇಲ್ಲ ಸಾರ್. ಅವರು ವಾಪಸ್ ಕೊಟ್ಟ ಇನ್ನೂರು ಡಾಲರ್ ಹಂಗೇ ಇದೆ, ಅದಕ್ಕೆ ಇನ್ನೊಂದು ನೂರು ಸೇರಿಸಿ ಇವತ್ತು ರಾತ್ರಿ ಕಳ್ಸೋಣ ಅಂತಿದ್ದೆ." ಮಾವ ಅಲ್ಲಿಯೇ ಫೋನು ಇಸಿದುಕೊಂಡು ಆ ಸಂದೇಶದ ಸ್ಕ್ರೀನ್‌ಶಾಟ್ ಅನ್ನು ನನ್ನ ಸಂಖ್ಯೆಗೆ ಕಳಿಸಿ, ಆ ಹೆಸರನ್ನು ಬ್ಲಾಕ್ ಮಾಡಿಸಿದರು.